ಯಾರ ಹಣ ಯಾರ ಖಾತೆಗೆ: ಒಂದು ವಸೂಲಿ ಲೆಕ್ಕದ ತಪಾಸಣೆ

ಹಾವೇರಿ ಜಿಲ್ಲೆಯ ಅಂಗಡಿಗಳಿಗೆ ಕೀಟನಾಶಕ, ಬಿತ್ತನೆ ಬೀಜ ಸಗಟಾಗಿ ಮಾರುವ ಸಂಸ್ಥೆಯೊಂದರ ಶಾಖೆಯ ಆಂತರಿಕ ಲೆಕ್ಕ ತಪಾಸಣೆ ನನ್ನ ಪಾಲಿಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಈ ವ್ಯಾಪಾರದಲ್ಲಿ ಮಾಲು ಹೋಗುವುದೆಲ್ಲ ಉದ್ರಿಯ ಮೇಲೆ. ರೈತರು ಅಂಗಡಿಯವರಿಗೆ ಬಾಕಿ, ಅಂಗಡಿಯವರು ಸಗಟು ಸಂಸ್ಥೆಗೆ ಬಾಕಿ. ಹಣ ಬರುವಾಗ ಒಂದಿಷ್ಟು ಚೆಕ್, ಒಂದಿಷ್ಟು ಬ್ಯಾಂಕ್ ವರ್ಗಾವಣೆ, ಉಳಿದದ್ದು ನಗದು. ಒಂದೇ ದಿನ ಒಬ್ಬರಿಗೆ ಹತ್ತು ಸಾವಿರ ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಆದ್ದರಿಂದ ಲೆಕ್ಕ ಇಡುವ ಅಂಗಡಿಯವರು ಬೇರೆ ಬೇರೆ ದಿನ 9,500, 9,800 ಹೀಗೆ ತುಂಡು ತುಂಡಾಗಿ ಕೊಡುತ್ತಾರೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಸಣ್ಣ ಸಣ್ಣ ನಗದು ತುಂಡುಗಳು ಮೇಜಿಗೆ ಬಂದು ಬೀಳುತ್ತಲೇ ಇದ್ದರೆ, ಒಂದು ತುಂಡು ದಾರಿ ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಶಾಖೆಯ ಪದ್ಧತಿ ಹೀಗಿತ್ತು. ಮಾರಾಟ ಪ್ರತಿನಿಧಿಗಳು ಊರೂರು ಸುತ್ತಿ ವಸೂಲಿ ಮಾಡಿದ್ದನ್ನು ಸಂಜೆ ಕ್ಯಾಶಿಯರ್ ಕೈಗೆ ಕೊಡುತ್ತಿದ್ದರು. ಊರಿಗೆ ಬಂದ ಅಂಗಡಿಯವರು ನೇರವಾಗಿ ಅವನಲ್ಲೇ ಕಟ್ಟುತ್ತಿದ್ದರು. ಯಾರೇ ಕಟ್ಟಿದರೂ ಕಾರ್ಬನ್ ಇಟ್ಟು ಬರೆದ ತಾತ್ಕಾಲಿಕ ರಸೀದಿ ಸಿಗುತ್ತಿತ್ತು. ಬ್ಯಾಂಕಿನ ಚಲನ್ ತುಂಬುವವನು ಕ್ಯಾಶಿಯರ್. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಗಿರಾಕಿಯ ಖಾತೆಗೆ ಜಮೆ ಮಾಡುವವನೂ ಅವನೇ. ತಿಂಗಳ ಕೊನೆಗೆ ಬಾಕಿ ಪಟ್ಟಿ ಮುದ್ರಿಸಿ ಅಂಗಡಿಗಳಿಗೆ ಕಳಿಸುವವನು, ಬ್ಯಾಂಕ್ ಲೆಕ್ಕ ತಾಳೆ ನೋಡುವವನು ಕೂಡ ಅವನೇ. ಹಣ ಮುಟ್ಟುವ ಕೈ, ಖಾತೆ ಬರೆಯುವ ಕೈ, ಗಿರಾಕಿಗೆ ಲೆಕ್ಕ ಒಪ್ಪಿಸುವ ಕೈ ಮೂರೂ ಒಂದೇ ಆಗಿದ್ದವು. ಇದಕ್ಕೆ ಕ್ಯಾಶಿಯರ್‌ಗಿಂತ ಮೊದಲು ಆಡಳಿತವೇ ಹೊಣೆ ಎಂದು ವರದಿಯಲ್ಲಿ ಬರೆದೆ. ಈಗಲೂ ಹಾಗೆಯೇ ನಂಬಿದ್ದೇನೆ.

ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿತ್ತು. ಪುಸ್ತಕದಲ್ಲಿ ಜಮೆಯಾದ ಪ್ರತಿ ರೂಪಾಯಿಯೂ ಬ್ಯಾಂಕ್ ಸೇರಿತ್ತು. ನನಗೆ ಸಂಶಯ ಬಂದದ್ದು ಬೇರೆ ಕಡೆಯಿಂದ. ಟ್ಯಾಲಿಯಲ್ಲಿ ಹಣ ಜಮೆ ಮಾಡುವಾಗ ಅದು ಯಾವ ಬಿಲ್ಲಿಗೆ ಬಂತೆಂದು `Agst Ref` ಎಂಬಲ್ಲಿ ಸೂಚಿಸಬೇಕು. ಯಾವ ಬಿಲ್ಲಿಗೂ ಹೊಂದದಿದ್ದರೆ `On Account` ಎಂದು ಬಿಡಬಹುದು. ಸಂಸ್ಥೆಯ ಬೇರೆ ಶಾಖೆಗಳಲ್ಲಿ ಹೀಗೆ ಬಿಟ್ಟ ಮೊತ್ತ ತೀರಾ ಅಲ್ಪ. ಇಲ್ಲಿ ಮಾತ್ರ ಹತ್ತಾರು ಖಾತೆಗಳಲ್ಲಿ ಅಂಥ ಜಮೆಗಳು ತುಂಬಿದ್ದವು, ಅದೂ ವಿಚಿತ್ರ ಮೊತ್ತಗಳಲ್ಲಿ. ಅಂಗಡಿಯವನು ಚೆಕ್ ಬರೆಯುವಾಗ ಒಂದೋ ಬಿಲ್ಲಿನ ಪೂರ್ತಿ ಮೊತ್ತ ಬರೆಯುತ್ತಾನೆ, ಇಲ್ಲವೇ ಇಪ್ಪತ್ತೈದು ಸಾವಿರ, ಐವತ್ತು ಸಾವಿರ ಎಂದು ದುಂಡಗೆ ಬರೆಯುತ್ತಾನೆ. 26,600, 14,200 ಎಂಬ ತುಂಡುಗಳಿಗೆ ಆ ಎರಡರಲ್ಲಿ ಯಾವ ಕಾರಣವೂ ಕಾಣಲಿಲ್ಲ. ಯಾರೋ ದೊಡ್ಡ ಮೊತ್ತವನ್ನು ಸೀಳಿ ಹಂಚಿದಂತಿತ್ತು.

ಹೀಗೆ ಸೀಳಿ ಹಂಚುವುದಕ್ಕೆ ತಪಾಸಣೆಯವರು ಲ್ಯಾಪಿಂಗ್ ಎನ್ನುತ್ತಾರೆ. ನಾವು ಓದಿದ ಪಠ್ಯಗಳಲ್ಲಿ ಟೀಮಿಂಗ್ ಅಂಡ್ ಲೇಡಿಂಗ್ ಎಂದಿರುತ್ತದೆ. ಒಬ್ಬ ಗಿರಾಕಿಯ ನಗದನ್ನು ಕ್ಯಾಶಿಯರ್ ಬಳಸಿಕೊಳ್ಳುತ್ತಾನೆ. ಆ ಗಿರಾಕಿಯ ಬಾಕಿ ಇಳಿಯದಿದ್ದರೆ ಜಗಳಕ್ಕೆ ಬರುತ್ತಾನೆ. ಅದಕ್ಕೆ ಎರಡನೆಯವನಿಂದ ಬಂದ ಹಣದಲ್ಲಿ ಅಷ್ಟನ್ನು ಮೊದಲನೆಯವನ ಖಾತೆಗೆ ಹಾಕುತ್ತಾನೆ. ಎರಡನೆಯವನ ಕೊರತೆಯನ್ನು ಮೂರನೆಯವನ ಹಣದಿಂದ ತುಂಬುತ್ತಾನೆ. ಇವನ ಟೋಪಿ ಅವನಿಗೆ, ಅವನ ಟೋಪಿ ಇನ್ನೊಬ್ಬನಿಗೆ. ಕದಿಯುವುದು ನಗದು, ಮುಚ್ಚುವುದು ಬಹುತೇಕ ಚೆಕ್‌ನಿಂದ. ಸಂಸ್ಥೆಯ ಹೆಸರಿನ ಅಡ್ಡಗೆರೆ ಚೆಕ್ಕನ್ನು ಕ್ಯಾಶಿಯರ್ ನಗದು ಮಾಡಿಕೊಳ್ಳಲಾರ. ಆದರೆ ಅದನ್ನು ಯಾರ ಖಾತೆಗೆ ಜಮೆ ಮಾಡುವುದು ಎಂಬುದು ಅವನ ಕೈಯಲ್ಲೇ ಇದೆ. ಪುಸ್ತಕದ ಒಟ್ಟು ಜಮೆಗೂ ಬ್ಯಾಂಕಿಗೂ ತಾಳೆಯಾಗುವುದು ಇದೇ ಕಾರಣಕ್ಕೆ. ಹಣದ ಮೊತ್ತವನ್ನಷ್ಟೇ ನೋಡುವ ತಪಾಸಣೆ ಇದನ್ನು ಎಂದೂ ಹಿಡಿಯುವುದಿಲ್ಲ.

ಆದ್ದರಿಂದ ಗಿರಾಕಿಗಳನ್ನೇ ಕೇಳಬೇಕಾಯಿತು. ಬಾಕಿ ದೃಢೀಕರಣ ಪತ್ರ ಎಲ್ಲ ತಪಾಸಣೆಯಲ್ಲೂ ಕಳಿಸುತ್ತಾರೆ. ಆದರೆ ಸಾಮಾನ್ಯವಾಗಿ ಕಳಿಸುವ ರೀತಿಯಲ್ಲಿ ಕಳಿಸಿದ್ದರೆ ಇಲ್ಲಿ ಏನೂ ಸಿಗುತ್ತಿರಲಿಲ್ಲ. 'ಮಾರ್ಚ್ 31ಕ್ಕೆ ನಿಮ್ಮ ಬಾಕಿ ಇಷ್ಟು, ಒಪ್ಪದಿದ್ದರೆ ಮಾತ್ರ ತಿಳಿಸಿ' ಎಂಬ ಪತ್ರಕ್ಕೆ ಹಳ್ಳಿಯ ಅಂಗಡಿಯವರು ಉತ್ತರಿಸುವುದೇ ಇಲ್ಲ. ಆ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡು ಬರುವ ತಪಾಸಣೆಯನ್ನು ನಾನು ತಪಾಸಣೆ ಎನ್ನುವುದಿಲ್ಲ. ನಾವು ಪತ್ರದಲ್ಲಿ ಬಾಕಿಯ ಮೊತ್ತವನ್ನೇ ನಮೂದಿಸಲಿಲ್ಲ. ಜುಲೈ 1ರಿಂದ ಆಗಸ್ಟ್ 20ರವರೆಗೆ ನಮ್ಮ ಸಂಸ್ಥೆಯ ಹೆಸರಿನಲ್ಲಿ ನಿಮ್ಮ ಪುಸ್ತಕದಲ್ಲಿರುವ ಖಾತೆಯ ಪ್ರತಿ ಕೊಡಿ, ಪ್ರತಿ ಪಾವತಿಯ ದಿನಾಂಕ, ಮೊತ್ತ, ನಗದೋ ಚೆಕ್ಕೋ ಎಂಬುದು ಅದರಲ್ಲಿ ಕಾಣಬೇಕು ಎಂದು ಕೇಳಿದೆವು. ಜೊತೆಗೆ ನಮ್ಮ ಶಾಖೆಯಿಂದ ಬಂದ ಬಾಕಿ ಪಟ್ಟಿ ಇದ್ದರೆ ಅದರ ಫೋಟೊ ಕೂಡ.

ಆಗಸ್ಟ್ 20 ಎಂದು ತಿಂಗಳ ನಡುವಿನ ದಿನ ಆರಿಸಿದ್ದಕ್ಕೆ ಕಾರಣವಿದೆ. ಮುಖ್ಯ ಕಚೇರಿ ನೋಡುವುದು ತಿಂಗಳ ಕೊನೆಯ ಬಾಕಿ. ಲ್ಯಾಪಿಂಗ್ ಮಾಡುವವನು ಆ ದಿನಕ್ಕೆ ಹೇಗಾದರೂ ಮಾಡಿ ಖಾತೆಗಳನ್ನು ಒಪ್ಪವಾಗಿಡುತ್ತಾನೆ. ನಡುವಿನ ದಿನ ಅವನ ಮೈಮರೆತ ದಿನ.

ಪತ್ರಗಳನ್ನು ನಾವೇ ಲಕೋಟೆಗೆ ಹಾಕಿ ನಾವೇ ಅಂಚೆಗೆ ಕೊಟ್ಟೆವು. ಉತ್ತರ ಬರುವ ವಿಳಾಸ ನಮ್ಮದು, ಶಾಖೆಯದಲ್ಲ. ಹೊರಗಿನವರಿಂದ ದೃಢೀಕರಣ ಪಡೆಯುವ ಬಗ್ಗೆ ಲೆಕ್ಕ ಪರಿಶೋಧಕರಿಗೆ ಎಸ್‌ಎ 505 ಎಂಬ ಮಾನದಂಡವಿದೆ. ಪತ್ರದ ಹಿಡಿತ ಪರಿಶೋಧಕನ ಕೈಯಲ್ಲೇ ಇರಬೇಕು ಎಂಬುದು ಅದರ ಮುಖ್ಯ ಮಾತು. ಆಂತರಿಕ ತಪಾಸಣೆಗೂ ಅದು ಅಷ್ಟೇ ಒಪ್ಪುತ್ತದೆ. ಶಾಖೆಯ ಟ್ಯಾಲಿಯಲ್ಲಿದ್ದ ವಿಳಾಸಗಳನ್ನೂ ನಾವು ನಂಬಲಿಲ್ಲ. ಜಿಎಸ್‌ಟಿ ಸಂಖ್ಯೆ ಹಾಕಿದರೆ ವ್ಯಾಪಾರದ ವಿಳಾಸ ಜಿಎಸ್‌ಟಿ ಜಾಲತಾಣದಲ್ಲೇ ಸಿಗುತ್ತದೆ, ಅದರೊಂದಿಗೆ ಹೋಲಿಸಿದೆವು. ಮಾರಾಟ ಪ್ರತಿನಿಧಿಯೊಬ್ಬ 'ಕೊಡಿ ಸರ್, ಹೇಗೂ ಆ ಕಡೆಗೇ ಹೋಗುತ್ತಿದ್ದೇನೆ, ತಲುಪಿಸಿ ಸಹಿ ಹಾಕಿಸಿಕೊಂಡು ಬರುತ್ತೇನೆ' ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ಆದರೂ ಕೊಡಲಿಲ್ಲ.

ಅಂಚೆಯಲ್ಲಿ ಉತ್ತರ ಬಂದದ್ದು ಸುಮಾರು ಅರ್ಧದಷ್ಟು ಜನರಿಂದ. ಉಳಿದವರ ಅಂಗಡಿಗಳಿಗೆ ನಾವೇ ಹೋದೆವು. ಹಿರೇಕೆರೂರಿನ ಅಂಗಡಿಯೊಂದರಲ್ಲಿ ಲೆಡ್ಜರ್ ಎಂಬುದೇ ಇರಲಿಲ್ಲ. ಕೇಳಿದ್ದಕ್ಕೆ ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ನೇತು ಹಾಕಿದ್ದ ಕಬ್ಬಿಣದ ತಂತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ವರ್ಷದ ರಸೀದಿಗಳೆಲ್ಲ ಒಂದರ ಮೇಲೊಂದು ಅದಕ್ಕೆ ಚುಚ್ಚಿಕೊಂಡಿದ್ದವು, ಕೆಳಗಿನವು ಹಳದಿಯಾಗಿ, ಮೇಲಿನವು ಇನ್ನೂ ಬಿಳಿಯಾಗಿ. ಒಂದೊಂದನ್ನೇ ಸರಿಸುತ್ತಾ ಆಗಸ್ಟ್ 5ರ ರಸೀದಿ ತೋರಿಸಿದರು: ನಗದು 9,800 ರೂಪಾಯಿ, ಕ್ಯಾಶಿಯರ್ ಸಹಿ.

'ನೋಡಿ ಸರ್, ಕೊಟ್ಟ ಹಣಕ್ಕೆಲ್ಲ ರಸೀದಿ ಇದೆ. ನಿಮ್ಮ ಬಾಕಿ ಪಟ್ಟಿಯೂ ಸರಿಯಾಗಿಯೇ ಬರುತ್ತದೆ. ಮತ್ತೆ ನಿಮಗೇನು ಅನುಮಾನ?' ಎಂದು ಕೇಳಿದರು.

ಪಟ್ಟಿ ತೋರಿಸಿ ಎಂದೆ. ಜುಲೈ ತಿಂಗಳದ್ದು, ಒಂದೇ ಹಾಳೆ. ಟ್ಯಾಲಿಯಿಂದ ಮುದ್ರಿಸಿದ ಖಾತೆಯಲ್ಲಿ `Vch No.` ಎಂಬ ಅಂಕಣ ಇದ್ದೇ ಇರುತ್ತದೆ, ಪ್ರತಿ ಜಮೆಗೂ ವೋಚರ್ ಸಂಖ್ಯೆ ಅಲ್ಲಿ ಕೂತಿರುತ್ತದೆ. ಈ ಹಾಳೆಯಲ್ಲಿ ಆ ಅಂಕಣವೇ ಇರಲಿಲ್ಲ. ಎಕ್ಸೆಲ್‌ನಲ್ಲಿ ಕೈಯಾರೆ ಕೂಡಿಸಿದ ಪಟ್ಟಿ ಅದು. ಅದರಲ್ಲಿದ್ದ ಪಾವತಿಯ ದಿನಾಂಕಗಳು ರಸೀದಿಗಳಿಗೆ ಸರಿಯಾಗಿ ಹೊಂದುತ್ತಿದ್ದವು, ನಮ್ಮ ಪುಸ್ತಕಕ್ಕೆ ಹೊಂದುತ್ತಿರಲಿಲ್ಲ. ಗಿರಾಕಿಗೆ ಅವನಿಗೆ ಬೇಕಾದ ಸತ್ಯ, ಮುಖ್ಯ ಕಚೇರಿಗೆ ಇನ್ನೊಂದು ಲೆಕ್ಕ. ಇಷ್ಟು ಕಾಲ ಒಬ್ಬನೇ ಒಬ್ಬ ಅಂಗಡಿಯವನೂ ಫೋನ್ ಮಾಡಿ ಕೇಳದಿದ್ದುದು ಏಕೆ ಎಂಬುದು ಅಲ್ಲಿಗೆ ತಿಳಿಯಿತು.

ಈಗ ಆಗಸ್ಟ್ ತಿಂಗಳ ಒಂದು ಎಳೆಯನ್ನು ಬಿಡಿಸುತ್ತೇನೆ, ಏಕೆಂದರೆ ಇಡೀ ವಿದ್ಯೆ ಇದರಲ್ಲೇ ಇದೆ. ಹಿರೇಕೆರೂರಿನವರು 9,800 ನಗದು ಕೊಟ್ಟದ್ದು 5ರಂದು. ಆ ದಿನ ಪುಸ್ತಕದಲ್ಲಿ ಏನೂ ಇಲ್ಲ. 8ರಂದು ಬ್ಯಾಡಗಿಯ ಅಂಗಡಿಯಿಂದ 36,400 ರೂಪಾಯಿಯ ಚೆಕ್ ಬಂತು, ಅಂದೇ ಬ್ಯಾಂಕಿಗೆ ಹೋಯಿತು, 9ರಂದು ಸಂಸ್ಥೆಯ ಖಾತೆಗೆ ಜಮೆಯಾಯಿತು. ಪುಸ್ತಕದಲ್ಲಿ 9ರಂದು ಎರಡು ವೋಚರ್‌ಗಳಿದ್ದವು: ಹಿರೇಕೆರೂರಿಗೆ 9,800, ಬ್ಯಾಡಗಿಗೆ 26,600. ಎರಡನ್ನೂ ಕೂಡಿಸಿದರೆ 36,400. 12ರಂದು ಹಾನಗಲ್ಲಿನ ಅಂಗಡಿಯ ಚೆಕ್ 24,000. 13ರಂದು ಪುಸ್ತಕದಲ್ಲಿ ಬ್ಯಾಡಗಿಗೆ 9,800, ಹಾನಗಲ್ಲಿಗೆ 14,200.

ಆಗಸ್ಟ್ 20ರ ಬಾಕಿಯನ್ನು ಮಾತ್ರ ಕೇಳಿದ್ದರೆ ಏನಾಗುತ್ತಿತ್ತು ನೋಡಿ. ಹಿರೇಕೆರೂರಿನವರು 9,800 ಕೊಟ್ಟಿದ್ದಾರೆ, ಪುಸ್ತಕದಲ್ಲೂ 9,800 ಬಂದಿದೆ. ಬಾಕಿ ತಾಳೆ. ಬ್ಯಾಡಗಿಯವರು 36,400 ಕೊಟ್ಟಿದ್ದಾರೆ, ಪುಸ್ತಕದಲ್ಲಿ 26,600 ಮತ್ತು 9,800. ಬಾಕಿ ತಾಳೆ. ಹಾನಗಲ್ಲಿನವರ ಖಾತೆಯೊಂದರಲ್ಲಿ ಮಾತ್ರ 9,800 ವ್ಯತ್ಯಾಸ ಕಾಣುತ್ತದೆ. ಅದಕ್ಕೆ ಕ್ಯಾಶಿಯರ್ 'ಒಂದು ಚೆಕ್ ಇನ್ನೂ ದಾರಿಯಲ್ಲಿದೆ ಸರ್, ಎರಡು ದಿನದಲ್ಲಿ ಬರುತ್ತದೆ' ಎನ್ನುತ್ತಾನೆ. ಎರಡು ದಿನದಲ್ಲಿ ಅದು ಬಂದೇ ಬರುತ್ತದೆ, ಬೇರೆ ಯಾರದೋ ಹಣದಿಂದ. ತಪಾಸಿಗ 'ನಂತರ ತೀರಿದೆ' ಎಂದು ಟಿಕ್ ಹಾಕಿ ಮುಂದೆ ಹೋಗುತ್ತಾನೆ. ಮೂರು ಅಂಗಡಿಗಳ ಹಣ ಕಲಸಿಹೋಗಿದ್ದರೂ ಬಾಕಿಯ ದೃಢೀಕರಣಕ್ಕೆ ಸಿಗುವುದು ಒಂದು, ಆ ಒಂದಕ್ಕೂ ಒಪ್ಪುವಂಥ ವಿವರಣೆ ಸಿದ್ಧವಾಗಿರುತ್ತದೆ. ಪಾವತಿಯ ದಿನಾಂಕ ಮತ್ತು ಬಿಡಿ ಮೊತ್ತ ಕೇಳಿದ್ದರಿಂದಲೇ ಮೂರೂ ಅಂಗಡಿಗಳು ನಮಗೆ ಕಂಡವು.

ಆದರೂ ದಿನಾಂಕದ ಅಂತರವೆಲ್ಲ ಕಳ್ಳತನವಲ್ಲ. ಅಂಗಡಿಯವನು ಚೆಕ್ ಬರೆದ ದಿನವೇ ತನ್ನ ಪುಸ್ತಕದಲ್ಲಿ ಖರ್ಚು ಹಾಕಿಕೊಳ್ಳುತ್ತಾನೆ. ಅದು ಪ್ರತಿನಿಧಿಯ ಚೀಲದಲ್ಲಿ ಎರಡು ದಿನ ಸುತ್ತಿ ನಮಗೆ ಮುಟ್ಟುತ್ತದೆ. ನಿಜವಾಗಿ ದಾರಿಯಲ್ಲಿದ್ದ ಚೆಕ್ ನಮ್ಮ ಪುಸ್ತಕಕ್ಕೆ ಬರುವಾಗ ಅದೇ ಮೊತ್ತದಲ್ಲಿ, ಒಂದೇ ಜಮೆಯಾಗಿ ಬರುತ್ತದೆ, ಬ್ಯಾಂಕಿಗೆ ಬಿದ್ದ ಹಣವೂ ಆ ಅಂಗಡಿಯದ್ದೇ ಆಗಿರುತ್ತದೆ. ನಾನು ಪ್ರತಿ ವ್ಯತ್ಯಾಸಕ್ಕೂ ಕೇಳಿದ್ದು ಆ ಕೊನೆಯ ಪ್ರಶ್ನೆ: ಈ ಖಾತೆಗೆ ಜಮೆಯಾದ ಹಣ ಬ್ಯಾಂಕಿಗೆ ಬಂದದ್ದು ಯಾರ ಚೆಕ್ಕಿನಿಂದ? ಹಿರೇಕೆರೂರಿನ 9,800ಕ್ಕೆ ಉತ್ತರ ಬ್ಯಾಡಗಿಯ ಚೆಕ್. ಹಿರೇಕೆರೂರಿನವರು ಆ ತಿಂಗಳು ಚೆಕ್ಕನ್ನೇ ಕೊಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಈ ಪ್ರಶ್ನೆಗೆ ಉತ್ತರ ಇರುವುದು ಬ್ಯಾಂಕಿನಲ್ಲಿ. ಶಾಖೆಯ ಫೈಲಿನಲ್ಲಿದ್ದ ಚಲನ್ ಅರ್ಧಪ್ರತಿಗಳನ್ನು ಬದಿಗಿಟ್ಟು, ಮುಖ್ಯ ಕಚೇರಿಯ ಅಧಿಕೃತ ಸಹಿಯಿದ್ದ ಪತ್ರ ಕೊಟ್ಟು ಬ್ಯಾಂಕಿನವರ ಬಳಿ ಇರುವ ಮೂಲ ಚಲನ್‌ಗಳ ಪ್ರತಿ ಮತ್ತು ಕೆಲವು ಚೆಕ್‌ಗಳ ಚಿತ್ರ ತರಿಸಿಕೊಂಡೆವು. ನಂತರ ದೊಡ್ಡ ಹಾಳೆಯಲ್ಲಿ ಪ್ರತಿ ವಸೂಲಿಗೂ ದಿನಾಂಕಗಳನ್ನು ಪಕ್ಕಪಕ್ಕ ಬರೆದೆವು: ಗಿರಾಕಿಯ ರಸೀದಿಯ ದಿನ, ಚಲನ್‌ನ ದಿನ, ಬ್ಯಾಂಕಿನಲ್ಲಿ ಜಮೆಯಾದ ದಿನ, ವೋಚರ್ ಮೇಲಿನ ದಿನ, ಆ ವೋಚರನ್ನು ನಿಜವಾಗಿ ಗಣಕಕ್ಕೆ ಹಾಕಿದ ದಿನ. ಕೊನೆಯದು ಟ್ಯಾಲಿಯ `Edit Log`ನಲ್ಲಿ ಸಿಗುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಇಂಥ ದಾಖಲೆ ಇರಲೇಬೇಕು, ಅದನ್ನು ನಿಲ್ಲಿಸುವಂತಿಲ್ಲ. ಮೊದಲೆಲ್ಲ ಹಿಂದಿನ ದಿನಾಂಕ ಹಾಕಿ ಬರೆದ ವೋಚರನ್ನು ಹಿಡಿಯುವುದು ಕಷ್ಟವಿತ್ತು. ಈಗ ದಾಖಲೆ ಅಲ್ಲೇ ಇರುತ್ತದೆ, ತೆರೆದು ನೋಡುವವರು ಬೇಕು.

ಅಂತರ ಎಣಿಸುವ ಮೊದಲು ಬ್ಯಾಂಕ್ ರಜೆಗಳನ್ನು ಕಳೆಯಬೇಕು. ಭಾನುವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಆಗಸ್ಟ್ 15. ಇವನ್ನು ಕಳೆಯದೆ 'ಮೂರು ದಿನ ಹಣ ಇಟ್ಟುಕೊಂಡಿದ್ದೀಯ' ಎಂದು ಯಾರ ಮೇಲೂ ಬೆರಳು ತೋರಿಸಬಾರದು. ಕಳೆದ ಮೇಲೆ ಉಳಿದ ಚಿತ್ರ ಹೀಗಿತ್ತು. ಚೆಕ್‌ಗಳು ಬಂದ ದಿನ ಅಥವಾ ಮರುದಿನ ಬ್ಯಾಂಕಿನಲ್ಲಿವೆ, ಒಂದೂ ತಪ್ಪಿಲ್ಲ. ನಗದಿನಲ್ಲೂ ಬಹುಪಾಲು ಮರುದಿನ. ಆದರೆ ಕೆಲವೇ ಕೆಲವು ಅಂಗಡಿಗಳ 9,500, 9,800ರ ತುಂಡುಗಳು ಮಾತ್ರ ರಸೀದಿಯಾದ ನಾಲ್ಕು, ಐದು, ಆರು ಕೆಲಸದ ದಿನಗಳ ನಂತರ ಪುಸ್ತಕಕ್ಕೆ ಬಂದಿವೆ. ಅದೇ ಮೇಜು, ಅದೇ ಮನುಷ್ಯ, ಅದೇ ಬ್ಯಾಂಕ್. ಸೋಮಾರಿತನವಾಗಿದ್ದರೆ ಎಲ್ಲವೂ ತಡವಾಗಬೇಕಿತ್ತು.

ಚಲನ್‌ಗಳು ಇನ್ನೊಂದನ್ನೂ ಹೇಳಿದವು. ಆಗಸ್ಟ್ 5ರಿಂದ ಶುರುವಾದ ವಾರದಲ್ಲಿ ರಸೀದಿಗಳ ಪ್ರಕಾರ ಬಂದ ನಗದು 2,14,300 ರೂಪಾಯಿ. ಬ್ಯಾಂಕಿಗೆ ಆ ವಾರದ ವಸೂಲಿಯಾಗಿ ಕಟ್ಟಿದ ನಗದು 1,85,400. ಚೆಕ್‌ಗಳ ಮೊತ್ತ ಎರಡು ಕಡೆಯೂ ಒಂದೇ. ಕಡಿಮೆಯಾದ 28,900 ರೂಪಾಯಿ ಬೇರೇನಲ್ಲ, 9,800, 9,600, 9,500ರ ಮೂರು ರಸೀದಿಗಳು. ನಗದು ಮತ್ತು ಚೆಕ್ ಎರಡನ್ನೂ ಸೇರಿಸಿ ಒಟ್ಟು ಮೊತ್ತವನ್ನು ಪುಸ್ತಕದೊಂದಿಗೆ ಹೋಲಿಸಿದರೆ ಇದು ಕಾಣುವುದಿಲ್ಲ, ಏಕೆಂದರೆ ಪುಸ್ತಕವನ್ನು ಬ್ಯಾಂಕಿಗೆ ಹೊಂದುವಂತೆಯೇ ಬರೆಯಲಾಗಿತ್ತು. ಹೋಲಿಸಬೇಕಾದದ್ದು ರಸೀದಿಯ ನಗದನ್ನು ಚಲನ್‌ನ ನಗದಿನೊಂದಿಗೆ.

ತಿಂಗಳ ಕೊನೆಯ ರಹಸ್ಯವೂ ದಿನಾಂಕಗಳಲ್ಲೇ ಇತ್ತು. ಜುಲೈ 31ರ ದಿನಾಂಕವಿದ್ದ ಹಲವು ವೋಚರ್‌ಗಳನ್ನು ಗಣಕಕ್ಕೆ ಹಾಕಿದ್ದು ಆಗಸ್ಟ್ 1 ಮತ್ತು 2ರಂದು. ಆ ಹಣ ಬಂದದ್ದೂ ಆಗಸ್ಟ್‌ನಲ್ಲೇ ಎಂದು ಗಿರಾಕಿಗಳ ರಸೀದಿ ಹೇಳುತ್ತಿತ್ತು. ಮುಂದಿನ ತಿಂಗಳ ವಸೂಲಿಯನ್ನು ಹಿಂದಕ್ಕೆ ಎಳೆದು ತಂದು ಜುಲೈ ಕೊರತೆಯನ್ನು ತುಂಬಲಾಗಿತ್ತು. ಬ್ಯಾಂಕ್ ತಾಳೆಪಟ್ಟಿಯಲ್ಲಿ ಅವು 'ಕಟ್ಟಿದೆ, ಇನ್ನೂ ಜಮೆಯಾಗಿಲ್ಲ' ಎಂಬ ಸಾಲಿನಲ್ಲಿ ಪ್ರತಿ ತಿಂಗಳೂ ಕೂತಿದ್ದವು. ನಗದು ಕಟ್ಟಿದರೆ ಅಂದೇ ಜಮೆಯಾಗುತ್ತದೆ. ಹೀಗಿರುವಾಗ 'ಕಟ್ಟಿಯೂ ಜಮೆಯಾಗದ ನಗದು' ಹೇಗೆ ಇರಲು ಸಾಧ್ಯ ಎಂದು ಮುಖ್ಯ ಕಚೇರಿಯಲ್ಲಿ ಒಬ್ಬರಾದರೂ ಕೇಳಬಹುದಿತ್ತು.

ಸಾಕ್ಷ್ಯ ಕೈಗೆ ಬರುವವರೆಗೆ ಕ್ಯಾಶಿಯರ್‌ಗೆ ನಾವು ಒಂದು ಮಾತೂ ಆಡಲಿಲ್ಲ. ಹತ್ತಿಪ್ಪತ್ತು ಅಂಗಡಿಗಳ ಉತ್ತರ ಬಂದ ಮೇಲೆ ಮುಖ್ಯ ಕಚೇರಿಯ ಹಣಕಾಸು ಮುಖ್ಯಸ್ಥರು ಬಂದರು. ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮೂರು ಕೆಲಸ ಒಟ್ಟಿಗೆ ಆದವು. ಪೆಟ್ಟಿಗೆಯ ನಗದನ್ನು ಅವನ ಎದುರಿಗೇ ಎಣಿಸಿ ಸಹಿ ಪಡೆದೆವು, ರಸೀದಿ ಪುಸ್ತಕಗಳನ್ನೆಲ್ಲ ವಶಕ್ಕೆ ತೆಗೆದುಕೊಂಡೆವು, ಟ್ಯಾಲಿಯಲ್ಲಿ ಅವನ ಪ್ರವೇಶ ನಿಲ್ಲಿಸಿದೆವು. ಇವುಗಳಲ್ಲಿ ಒಂದು ಮುಂದೆ ಒಂದು ಹಿಂದೆ ಆಗಿದ್ದರೂ ಒಂದು ರಸೀದಿ ಪುಸ್ತಕ ಮಾಯವಾಗುತ್ತಿತ್ತು. ಹಾಗಿದ್ದೂ ಹಳೆಯ ಎರಡು ಪುಸ್ತಕಗಳು ಸಿಗಲಿಲ್ಲ. ಅವುಗಳ ಕ್ರಮಸಂಖ್ಯೆಯನ್ನು ಯಾರೂ ಬರೆದಿಟ್ಟಿರಲಿಲ್ಲ.

ಅವನನ್ನು ಕಳ್ಳ ಎಂದು ಯಾರೂ ಕರೆಯಲಿಲ್ಲ. ಆಗಸ್ಟ್ 9ರ ಎರಡು ವೋಚರ್ ಮತ್ತು ಬ್ಯಾಡಗಿಯ ಚೆಕ್ಕಿನ ಚಿತ್ರವನ್ನು ಮುಂದಿಟ್ಟು, 'ಹಿರೇಕೆರೂರಿನ ಈ 9,800 ಬ್ಯಾಂಕಿಗೆ ಎಲ್ಲಿಂದ ಬಂತು, ಹೇಳಿ' ಎಂದೆ. ಬಹಳ ಹೊತ್ತು ಚಿತ್ರವನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿದ: ಮನೆಯಲ್ಲಿ ಒಂದು ಆಸ್ಪತ್ರೆಯ ಖರ್ಚು ಬಂದಾಗ ಒಂದು ತುಂಡು ತೆಗೆದುಕೊಂಡಿದ್ದೆ, ಸಂಬಳವಾದಾಗ ತುಂಬಿಬಿಡುತ್ತೇನೆ ಎಂದುಕೊಂಡಿದ್ದೆ ಸರ್. ತುಂಬಲಿಲ್ಲ. ಬದಲಿಗೆ ಯಾರ ಕೊರತೆ ಯಾರ ತಲೆಯ ಮೇಲಿದೆ ಎಂದು ನೆನಪಿಡಲು ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದ. ಎರಡು ವರ್ಷಗಳಿಂದ ಸತತ ಎರಡು ದಿನ ರಜೆ ಹಾಕಿರಲಿಲ್ಲ. ಶಾಖೆಯಲ್ಲಿ ಅದನ್ನು ನಿಷ್ಠೆ ಎಂದು ಹೊಗಳುತ್ತಿದ್ದರು. ಅವನು ರಜೆ ಹಾಕುವ ಹಾಗೆಯೇ ಇರಲಿಲ್ಲ. ಇನ್ನೊಬ್ಬ ಆ ಕುರ್ಚಿಯಲ್ಲಿ ಕೂತು ಎರಡು ದಿನ ಚೆಕ್‌ಗಳನ್ನು ನೇರವಾಗಿ ಅವರವರ ಖಾತೆಗೇ ಜಮೆ ಮಾಡಿದ್ದರೆ ಹಳೆಯ ಕೊರತೆಗಳು ಹಾಗೆಯೇ ಬಯಲಾಗುತ್ತಿದ್ದವು.

ನಷ್ಟ ಎಷ್ಟು ಎಂದು ಲೆಕ್ಕ ಹಾಕುವಾಗ ಹಣಕಾಸು ಮುಖ್ಯಸ್ಥರು ಬೆಚ್ಚಿಬಿದ್ದರು. ಏಪ್ರಿಲ್‌ನಿಂದ ತಪ್ಪು ಖಾತೆಗೆ ಹೋದ ಜಮೆಗಳನ್ನೆಲ್ಲ ಅವರ ಸಹಾಯಕರು ಕೂಡಿಸಿದ್ದರು, ಅದು 21 ಲಕ್ಷ ದಾಟಿತ್ತು. ಪೊಲೀಸ್ ದೂರಿನ ಕರಡಿನಲ್ಲೂ ಅದೇ ಮೊತ್ತ ಬರೆಯಲು ಹೊರಟಿದ್ದರು. ಅದನ್ನು ನಿಲ್ಲಿಸಿದೆ. ಮೇಲಿನ ಎಳೆಯನ್ನೇ ನೋಡಿ. 9,800 ಹಿರೇಕೆರೂರಿನಲ್ಲಿ ಕಾಣಿಸಿತು, ಬ್ಯಾಡಗಿಗೆ ಹೋಯಿತು, ಹಾನಗಲ್ಲಿಗೆ ಹೋಯಿತು. ಮೂರನ್ನೂ ಕೂಡಿಸಿದರೆ 29,400. ಕಾಣೆಯಾದದ್ದು 9,800 ಮಾತ್ರ. ಕೊರತೆಯ ಒಂದೇ ಹಳ್ಳ ಜಾಗ ಬದಲಿಸುತ್ತಾ ಹೋಗುತ್ತದೆ, ಹೋದಲ್ಲೆಲ್ಲ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಮನುಷ್ಯನೊಬ್ಬನ ಮೇಲೆ ದೂರು ಕೊಡುವಾಗ ಅವನು ತೆಗೆದದ್ದಕ್ಕಿಂತ ಐದು ಪಟ್ಟು ಬರೆಯುವುದು ಅನ್ಯಾಯ. ನ್ಯಾಯಾಲಯದಲ್ಲಿ ಅದು ನಿಲ್ಲುವುದೂ ಇಲ್ಲ.

ಸರಿಯಾದ ದಾರಿ ಒಂದೇ ದಿನಾಂಕವನ್ನು ಗಟ್ಟಿಯಾಗಿ ಹಿಡಿಯುವುದು. ಆಗಸ್ಟ್ 20ರಂದು ಪ್ರತಿ ಗಿರಾಕಿ ಅಲ್ಲಿಯವರೆಗೆ ನಿಜವಾಗಿ ಕೊಟ್ಟದ್ದೆಷ್ಟು, ಪುಸ್ತಕದಲ್ಲಿ ಅವನಿಗೆ ಜಮೆಯಾದದ್ದೆಷ್ಟು, ವ್ಯತ್ಯಾಸವೆಷ್ಟು. ನಿಜವಾಗಿಯೂ ದಾರಿಯಲ್ಲಿದ್ದ ಚೆಕ್‌ಗಳನ್ನು ಕಳೆದು ಎಲ್ಲ ವ್ಯತ್ಯಾಸಗಳ ಮೊತ್ತ ತೆಗೆಯಬೇಕು. ಇದಕ್ಕೆ ಮಾದರಿಗೆಂದು ಆರಿಸಿದ ಕೆಲವು ಅಂಗಡಿಗಳು ಸಾಲವು, ಒಬ್ಬ ಗಿರಾಕಿಯೂ ಬಿಟ್ಟುಹೋಗುವಂತಿಲ್ಲ, ಏಕೆಂದರೆ ಹಳ್ಳ ಆ ದಿನ ಯಾರ ಖಾತೆಯಲ್ಲಿ ನಿಂತಿದೆಯೋ ಮೊದಲೇ ಗೊತ್ತಿರುವುದಿಲ್ಲ. ಎಲ್ಲ ಖಾತೆಗಳನ್ನೂ ನೋಡಿ ಮುಗಿಸಿದಾಗ ಸಿಕ್ಕಿದ್ದು 3,14,700 ರೂಪಾಯಿ.

ಅದು ಪೂರ್ತಿಯಲ್ಲ ಎಂದು ಅವನ ನೋಟ್‌ಬುಕ್ ಹೇಳಿತು. ಮಾರ್ಚ್ ಕೊನೆಗೆ ಕೆಲವು ಹೆಸರುಗಳ ಮುಂದೆ ಗೆರೆ ಎಳೆದು ಅಳಿಸಿದ್ದ, ಆದರೆ ಆ ಹಳ್ಳಗಳು ಬೇರೆ ಯಾರ ಖಾತೆಗೂ ಹೋಗಿರಲಿಲ್ಲ. ಹುಡುಕಿದಾಗ ಅದೇ ಅಂಗಡಿಗಳ ಹೆಸರಿನಲ್ಲಿ ಯೋಜನೆ ರಿಯಾಯಿತಿ ಎಂಬ ಕ್ರೆಡಿಟ್ ನೋಟ್‌ಗಳು ಸಿಕ್ಕವು, ಒಟ್ಟು 71,300 ರೂಪಾಯಿ. ಕಂಪನಿ ಅಂಗಡಿಗಳಿಗೆ ರಿಯಾಯಿತಿ ಕೊಟ್ಟಂತೆ ಬರೆದು ಬಾಕಿ ಇಳಿಸಲಾಗಿತ್ತು. ಎಲ್ಲವೂ ಜಿಎಸ್‌ಟಿ ಸೇರಿಸದ ವಾಣಿಜ್ಯ ಕ್ರೆಡಿಟ್ ನೋಟ್‌ಗಳು. ಜಿಎಸ್‌ಟಿ ಇದ್ದಿದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ಅಂಗಡಿಯವನಿಗೆ ಸಿಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಅದು ಕಾಣಿಸಿಕೊಂಡು, 'ಇದೇನು ನನಗೆ ಬಾರದ ರಿಯಾಯಿತಿ' ಎಂಬ ಪ್ರಶ್ನೆ ಏಳುತ್ತಿತ್ತು. ಮಾರ್ಚ್‌ನಲ್ಲೇ ಹೀಗೆ ಮುಚ್ಚಿದ ಹಳ್ಳ ಜುಲೈ, ಆಗಸ್ಟ್‌ನ ದಿನಾಂಕದ ಪರೀಕ್ಷೆಗೂ ಸಿಗುವುದಿಲ್ಲ, ಬಾಕಿಯ ದೃಢೀಕರಣಕ್ಕೂ ಸಿಗುವುದಿಲ್ಲ. ಗಿರಾಕಿಯ ಪ್ರತಿಯಲ್ಲಿ ಆ ಕ್ರೆಡಿಟ್ ನೋಟ್ ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಇದನ್ನೂ ಸೇರಿಸಿದಾಗ ನಷ್ಟ 3,86,000 ರೂಪಾಯಿ ಎಂದು ನಿಂತಿತು. ಅವನ ನೋಟ್‌ಬುಕ್ಕಿನ ಮೊತ್ತಕ್ಕೂ ಇದಕ್ಕೂ ಕೆಲವೇ ನೂರು ರೂಪಾಯಿಗಳ ಅಂತರ.

ಬ್ಯಾಂಕ್ ವರ್ಗಾವಣೆಯಿಂದ ಬಂದ ಹಣದಲ್ಲಿ ಆಟ ಕಡಿಮೆ ಇತ್ತು. ಕಳಿಸಿದವರ ಹೆಸರು ಬ್ಯಾಂಕ್ ಹೇಳಿಕೆಯ ಸಾಲಿನಲ್ಲೇ ಇರುತ್ತದೆ, ಅದನ್ನು ಜಮೆಯಾದ ಖಾತೆಯ ಹೆಸರಿನೊಂದಿಗೆ ಹೋಲಿಸುವುದು ಒಂದು ಮಧ್ಯಾಹ್ನದ ಕೆಲಸ. ಅಲ್ಲಿಯೂ ಕೆಲವು ಹೆಸರು ಹೊಂದಲಿಲ್ಲ. ವಿಚಾರಿಸಿದರೆ ಅಂಗಡಿ ಹೆಂಡತಿಯ ಹೆಸರಿನಲ್ಲಿ, ಖಾತೆ ಗಂಡನ ಹೆಸರಿನಲ್ಲಿ ಎಂಬಂಥವು. ಅವನ್ನು ಬಿಟ್ಟೆವು.

ಕೊನೆಗೆ ಉಳಿದದ್ದು ರಟ್ಟೀಹಳ್ಳಿಯ ಅಂಗಡಿಯೊಂದರ ವಿಷಯ. ಆಗಸ್ಟ್ 16ರಂದು 9,500 ನಗದು ಕೊಟ್ಟೆ ಎಂದು ಮಾಲೀಕರು ಹೇಳಿದರು. ರಸೀದಿ ಕಳೆದಿತ್ತು, ಪುಸ್ತಕ ಇಡುವ ಅಭ್ಯಾಸ ಅವರಿಗಿರಲಿಲ್ಲ. ನಮ್ಮ ತಾತ್ಕಾಲಿಕ ರಸೀದಿಯ ಕಾರ್ಬನ್ ಪ್ರತಿಯಲ್ಲಿ ಆ ದಿನದ ಒಂದು ಹಾಳೆ ಹರಿದುಹೋಗಿತ್ತು. ಆದರೆ ಅದರ ಕೆಳಗಿನ ಹಾಳೆಯ ಮೇಲೆ ಬಾಲ್‌ಪೆನ್ನಿನ ಒತ್ತು ಉಳಿದಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಊರಿನ ಹೆಸರು ಮತ್ತು 9, 5 ಎಂಬ ಅಂಕಿಗಳು ಓದಲು ಬಂದವು. ಕ್ಯಾಶಿಯರ್ ಕೂಡ ಅದನ್ನು ಒಪ್ಪಿಕೊಂಡ. ಆ 9,500 ಮೇಲಿನ ಮೊತ್ತದಲ್ಲಿ ಸೇರಿದೆ. ಎಲ್ಲ ಅಂಗಡಿಗಳ ಖಾತೆಗಳನ್ನು ಅವರವರ ರಸೀದಿಯ ದಿನಾಂಕಕ್ಕೆ ಸರಿಯಾಗಿ ಜರ್ನಲ್ ನಮೂದುಗಳ ಮೂಲಕ ತಿದ್ದಿ, ಕೊರತೆಯನ್ನು ಕ್ಯಾಶಿಯರ್ ಹೆಸರಿನ ವಸೂಲಿ ಬಾಕಿಯಾಗಿ ಬೇರೆ ಖಾತೆಗೆ ತೆಗೆದೆವು. ತಿದ್ದಿದ ಪಟ್ಟಿಗಳು ಈ ಸಲ ಮುಖ್ಯ ಕಚೇರಿಯಿಂದಲೇ, ವೋಚರ್ ಸಂಖ್ಯೆಯ ಅಂಕಣದ ಸಮೇತ, ಪ್ರತಿ ಅಂಗಡಿಗೂ ಹೋದವು.